ಮೂರು ನಿಮಿಷದ ಸಂಶೋಧನೆಯನ್ನು ಕೇಳುವ ಬಗೆ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಆರಂಭಿಸಿದ ‘ಥ್ರೀ ಮಿನಿಟ್ ಥೀಸಿಸ್’ ಸ್ಪರ್ಧೆಯ ನಿಯಮಗಳು ಬಿಗಿಯಾಗಿವೆ. ಅಲುಗದ ಒಂದೇ ಸ್ಲೈಡಿನ ಮುಂದೆ ನಿಂತು, ಬೇರೆ ಯಾವ ಸಲಕರಣೆಯೂ ಇಲ್ಲದೆ, ಆ ವಿಷಯ ಓದದವರಿಗೂ ತಿಳಿಯುವಂತೆ ಸಂಶೋಧಕರು ತಮ್ಮ ಕೆಲಸವನ್ನು ಹೇಳಬೇಕು. ಮೂರು ನಿಮಿಷ ದಾಟಿದರೆ ಸ್ಪರ್ಧೆಯಿಂದ ಹೊರಗೆ. ಹೊಸ ಕೇಳುಗರು ಇದನ್ನು ಮಹಾಪ್ರಬಂಧದ ಸಾರಾಂಶವೆಂದು ತಿಳಿದು, ಎಲ್ಲ ಅಧ್ಯಾಯಗಳೂ ಬಂದವೇ ಎಂದು ನೋಡುತ್ತಾರೆ. ಆದರೆ ಎಲ್ಲ ಅಧ್ಯಾಯಗಳಿಗೂ ಒಂದೊಂದು ವಾಕ್ಯ ಹಂಚಿದ ಭಾಷಣದಲ್ಲಿ ಯಾವುದೂ ಅರ್ಥವಾಗುವಷ್ಟು ಹೊತ್ತು ನಿಲ್ಲುವುದಿಲ್ಲ. ಇಲ್ಲಿ ಮೆಚ್ಚಬೇಕಾದದ್ದು ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಅದರ ಉತ್ತರಕ್ಕೆ ಬೇಕಾದದ್ದನ್ನು ಮಾತ್ರ ಉಳಿಸಿಕೊಂಡ ವಿವೇಕ.

ಉದಾಹರಣೆಗೆ, ಕೊಳವೆಬಾವಿ ನೀರಿನಿಂದ ಫ್ಲೋರೈಡ್ ತೆಗೆಯುವ ಅಲ್ಯೂಮಿನಾ ಫಿಲ್ಟರಿನ ಮೇಲೆ ಒಂದು ಮಹಾಪ್ರಬಂಧವಿದೆ ಎಂದುಕೊಳ್ಳೋಣ. ಅದರಲ್ಲಿ ಬಂಡೆಯ ರಚನೆ, ನೀರಿನ ಮಾದರಿ, ಪ್ರಯೋಗ, ವೆಚ್ಚ ಎಲ್ಲವೂ ಇರುತ್ತವೆ. ಭಾಷಣಕ್ಕೆ ಸಾಕಾಗುವ ಪ್ರಶ್ನೆ ಒಂದೇ: ಫಿಲ್ಟರ್ ಕೆಲಸ ನಿಲ್ಲಿಸಿದ್ದು ಮನೆಯವರಿಗೆ ಹೇಗೆ ಗೊತ್ತಾಗಬೇಕು? ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಲ್ಯೂಮಿನಾ ತುಂಬಿಹೋದ ಮೇಲೂ ನೀರು ತಿಳಿಯಾಗಿಯೇ ಇರುತ್ತದೆ. ಮೊದಲ 30 ಸೆಕೆಂಡು ಈ ತೊಡಕಿಗೆ, ಮುಂದಿನ 40 ಸೆಕೆಂಡು ಫಿಲ್ಟರ್ ಫ್ಲೋರೈಡನ್ನು ಹಿಡಿಯುವ ಬಗೆಗೆ. ಅತಿ ಹೆಚ್ಚು, ಅಂದರೆ 70 ಸೆಕೆಂಡು, ಒಂದೇ ಶೋಧನೆಗೆ ಸಲ್ಲಬೇಕು: ಬೈಕಾರ್ಬೋನೇಟ್ ಹೆಚ್ಚಿರುವ ಕ್ಷಾರೀಯ ನೀರಿನಲ್ಲಿ ಅದೇ ಫಿಲ್ಟರ್ ಬೇಗ ಸೋಲುತ್ತದೆ, ಹಾಗಾಗಿ ಎಲ್ಲ ಊರಿಗೂ ಒಂದೇ ಬದಲಾವಣೆಯ ಅವಧಿ ಹೊಂದುವುದಿಲ್ಲ. 20 ಸೆಕೆಂಡು ಈ ಮಾತಿನ ಮಿತಿಗೆ, ಉಳಿದ 20 ಸೆಕೆಂಡು ಬಳಸುವವರು ಏನು ಮಾಡಬಹುದೆಂಬುದಕ್ಕೆ. ಪದ ಎಣಿಸಿ ಸಮಯ ಅಳೆಯುವ ಇಂಗ್ಲಿಷ್ ಲೆಕ್ಕ ಕನ್ನಡದಲ್ಲಿ ಕೈಕೊಡುತ್ತದೆ, ನಮ್ಮ ಪದಗಳು ಉದ್ದ. ಗಟ್ಟಿಯಾಗಿ ಓದಿ ಗಡಿಯಾರ ನೋಡುವುದೇ ಸರಿ.

ಹೀಗೆ ಕತ್ತರಿಸಿದರೆ ವಿದ್ವತ್ತು ಸವೆಯುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಂಶೋಧನೆಯನ್ನು ಕ್ಷುಲ್ಲಕಗೊಳಿಸದೆ ಹೇಳಿದರೇ ಎಂಬುದು ತೀರ್ಪುಗಾರರ ಮಾನದಂಡಗಳಲ್ಲೇ ಇದೆ. ಪ್ರಯೋಗದ ವಿವರ ಬಿಟ್ಟರೆ ಹಾನಿಯಿಲ್ಲ, ಕೇಳಿದವರಿಗೆ ಅದನ್ನು ಪ್ರಬಂಧ ಹೇಳುತ್ತದೆ. ಷರತ್ತನ್ನು ಬಿಟ್ಟರೆ ಮಾತೇ ಸುಳ್ಳಾಗುತ್ತದೆ. ‘ಕ್ಷಾರೀಯ ನೀರಿನಲ್ಲಿ’ ಎಂಬುದು ಜಾರಿದರೆ ‘ಈ ಫಿಲ್ಟರ್ ಬೇಗ ಸೋಲುತ್ತದೆ’ ಎಂದಷ್ಟೇ ಉಳಿದು, ಚೆನ್ನಾಗಿ ನಡೆಯುವ ಊರಲ್ಲೂ ಜನ ಅದನ್ನು ತೆಗೆದಿಡಬಹುದು. ನುರಿತ ಕೇಳುಗ ಮೊದಲು ಕಿವಿಗೊಡುವುದು ಮಿತಿಯನ್ನು ಹೇಳುವ ಆ 20 ಸೆಕೆಂಡುಗಳಿಗೆ. ಪುರಾವೆ ಸಾಲದು ಎನ್ನುವ ತಜ್ಞರಿಗೂ ಸ್ಲೈಡೇ ಉತ್ತರ ಕೊಡಬಲ್ಲದು: ಎರಡು ಬಗೆಯ ನೀರು, ಹೊರಬರುವ ಫ್ಲೋರೈಡ್ ಏರುವ ಎರಡು ಗೆರೆ, ಅವುಗಳ ನಡುವಿನ ಅಂತರ. ಆ ಅಂತರವನ್ನು ಬೆರಳಿಟ್ಟು ತೋರಿಸದೆ ಬರೀ ಗೆರೆಗಳನ್ನು ಹಿಂದೆ ಬಿಟ್ಟು ಮಾತು ಮುಂದೆ ಹೋದರೆ, ಸ್ಲೈಡು ಅಲಂಕಾರಕ್ಕಿದೆ ಎಂದೇ ತಿಳಿಯಬೇಕು.