ತೆಳು ಪುಸ್ತಕಕ್ಕೆ ಎರಡೇ ದಿನ

ನಾರಾಯಣಖೇಡದ ಹುಡುಗನೊಬ್ಬ ಡಿ.ಫಾರ್ಮ್ ಮುಗಿಸಿ ಎಕ್ಸಿಟ್ ಪರೀಕ್ಷೆಗೆ ಕುಳಿತುಕೊಳ್ಳುವವನಿದ್ದ. ಜಹೀರಾಬಾದಿನ ನಮ್ಮ ಮೆಡಿಕಲ್‌ಗೆ ಬಂದವನು ಮಡಚಿದ ಝೆರಾಕ್ಸ್ ಹಾಳೆಯೊಂದನ್ನು ಕೌಂಟರಿನ ಮೇಲೆ ಬಿಡಿಸಿಟ್ಟ. ಅದು ಮೂವತ್ತು ದಿನಗಳ ಓದಿನ ಯೋಜನೆ. ತಾಂಡೂರಿನಲ್ಲಿ ಓದುವ ಅವನ ಗೆಳೆಯನ ಹತ್ತಿರವೂ ಅದೇ ಹಾಳೆ ಇತ್ತಂತೆ. ಫಾರ್ಮಾಸ್ಯೂಟಿಕ್ಸ್‌ಗೆ ಹತ್ತು ದಿನ, ಫಾರ್ಮಕಾಲಜಿಗೆ ಏಳು, ರಸಾಯನ ಶಾಸ್ತ್ರ ಮತ್ತು ಉಳಿದ ವಿಷಯಗಳಿಗೆ ಒಂಬತ್ತು, ಲಾಗೆ ಎರಡು, ಕೊನೆಯ ಎರಡು ದಿನ ಎಲ್ಲವನ್ನೂ ತಿರುವಿಹಾಕಲು. "ಲಾ ಕಡೀಗೆ ಇಟ್ಕೊಂಡೀನ್ರಿ ಕಾಕಾ, ಪುಸ್ತಕ ಸಣ್ಣದದ, ಒಂದ್ ರಾತ್ರಿ ಓದಿದ್ರ ಮುಗೀತದ" ಎಂದ.

ಹಾಳೆಯನ್ನು ಪೂರ್ತಿ ತೆಗಳುವಂತಿಲ್ಲ. ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಓದು ಅದರಲ್ಲಿಲ್ಲ. ಮಧ್ಯಾಹ್ನದ ಹೊತ್ತು ಲೆಕ್ಕ ಮಾಡಿಸುತ್ತದೆ, ರಾತ್ರಿ ಹೊಸದನ್ನು ಓದಿಸುವುದಿಲ್ಲ. ಬರೆದವರು ಪರೀಕ್ಷೆ ಬರೆದು ಪಳಗಿದವರೇ ಇರಬೇಕು. ಆದರೆ ಅವರು ದಿನಗಳನ್ನು ಹಂಚಿದ್ದು ಪುಸ್ತಕದ ದಪ್ಪ ನೋಡಿ. ಪರೀಕ್ಷೆ ಅಂಕ ಹಂಚುವುದು ಹಾಗಲ್ಲ.

ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ 2022ರಲ್ಲಿ ಈ ಎಕ್ಸಿಟ್ ಪರೀಕ್ಷೆಯ ನಿಯಮಾವಳಿ ಹೊರಡಿಸಿತು. ಮೊದಲ ಪರೀಕ್ಷೆ ನಡೆದದ್ದು 2024ರ ಅಕ್ಟೋಬರಿನಲ್ಲಿ. ಒಟ್ಟು ಮೂರು ಪತ್ರಿಕೆ, ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು, ಭಾಷೆ ಇಂಗ್ಲಿಷ್. ಫಾರ್ಮಾಸ್ಯೂಟಿಕ್ಸ್ ಮೊದಲ ಪತ್ರಿಕೆಯಲ್ಲಿ ಫಾರ್ಮಕಾಲಜಿ ಮತ್ತು ಫಾರ್ಮಕಾಗ್ನಸಿಯ ಜೊತೆ ಜಾಗ ಹಂಚಿಕೊಳ್ಳುತ್ತದೆ. ಮೂರನೆಯ ಪತ್ರಿಕೆ ಮಾತ್ರ ಇಡಿಯಾಗಿ ಕಾನೂನು ಮತ್ತು ಔಷಧಿ ಅಂಗಡಿ ನಿರ್ವಹಣೆಯದು. ಪ್ರತಿ ಪತ್ರಿಕೆಯಲ್ಲೂ ಬೇರೆಬೇರೆಯಾಗಿ ಶೇಕಡಾ 50 ಬರಬೇಕು, ಮೂರೂ ಒಂದೇ ಸಲಕ್ಕೆ ಪಾಸಾಗಬೇಕು. ಮೊದಲೆರಡರಲ್ಲಿ ಶೇಕಡಾ 80 ತೆಗೆದವನು ಮೂರನೆಯದರಲ್ಲಿ 48ಕ್ಕೆ ನಿಂತರೆ ಆ 80 ಏನೂ ಕೆಲಸಕ್ಕೆ ಬರುವುದಿಲ್ಲ. ಮುಂದಿನ ಸಲ ಮೂರನ್ನೂ ಬರೆಯಬೇಕು. ಅಂದರೆ ಈ ಯೋಜನೆ ಪರೀಕ್ಷೆಯ ಮೂರನೇ ಒಂದು ಪಾಲಿಗೆ ಮೂವತ್ತರಲ್ಲಿ ಎರಡು ದಿನ ಕೊಟ್ಟಿದೆ.

ಔಷಧಿ ಅಂಗಡಿ ನಿರ್ವಹಣೆಗಂತೂ ಒಂದು ದಿನವೂ ಇಲ್ಲ. ಯಾಕೆಂದು ಕೇಳಿದೆ. "ಆ ಹೆಸರಿನ ಪುಸ್ತಕನೇ ನಮಗಿಲ್ರಿ" ಅಂದ. ಅವನ ಮಾತೂ ನಿಜ. ಆ ಹೆಸರು ಹಳೆಯ 1991ರ ಪಠ್ಯಕ್ರಮದ್ದು. ಈಗಿನ 2020ರ ಪಠ್ಯಕ್ರಮದಲ್ಲಿ ಅದೇ ಸರಕು ಎರಡನೆಯ ವರ್ಷದ 'ಕಮ್ಯುನಿಟಿ ಫಾರ್ಮಸಿ ಅಂಡ್ ಮ್ಯಾನೇಜ್‌ಮೆಂಟ್' ಎಂಬ ಪುಸ್ತಕದೊಳಗೆ ಹೊಕ್ಕಿದೆ. 'ಫಾರ್ಮಸ್ಯೂಟಿಕಲ್ ಜೂರಿಸ್‌ಪ್ರೂಡೆನ್ಸ್' ಎನ್ನುತ್ತಿದ್ದದ್ದು ಈಗ 'ಫಾರ್ಮಸಿ ಲಾ ಅಂಡ್ ಎಥಿಕ್ಸ್' ಆಗಿದೆ. ಪರೀಕ್ಷೆ ಹಳೆಯ ಹೆಸರಿನಲ್ಲಿ ಕೇಳುತ್ತದೆ, ಹುಡುಗರ ಕೈಯಲ್ಲಿ ಹೊಸ ಹೆಸರಿನ ಪುಸ್ತಕವಿದೆ. ಯೋಜನೆ ಬರೆದವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಇದು ಅದರ ಮೊದಲ ಸೋಲು.

ಎರಡನೆಯ ಸೋಲು ಇದಕ್ಕಿಂತ ಆಳದ್ದು. ಯೋಜನೆಯ ಪ್ರಕಾರ ಮೂರನೆಯ ದಿನ ಸಸ್ಪೆನ್ಷನ್, ಐದನೆಯ ದಿನ ಡೋಸಿನ ಲೆಕ್ಕ, ಇಪ್ಪತ್ತೇಳನೆಯ ದಿನ ಷೆಡ್ಯೂಲ್‌ಗಳು. ಕೌಂಟರಿಗೆ ಬರುವ ಚೀಟಿಯಲ್ಲಿ ಈ ಮೂರೂ ಒಂದೇ ಸಾಲಿನಲ್ಲಿರುತ್ತವೆ. ಹುಡುಗನ ಮುಂದೆ ಒಂದು ಚೀಟಿ ಇಟ್ಟೆ. ಎರಡು ವರ್ಷದ ಮಗು, ತೂಕ 12.5 ಕಿಲೋ. ಸೆಫಿಕ್ಸಿಮ್ ಡ್ರೈ ಸಿರಪ್, 5 ಮಿಲಿಯಲ್ಲಿ 50 ಮಿಲಿಗ್ರಾಂ, 5 ಮಿಲಿಯಂತೆ ದಿನಕ್ಕೆ ಎರಡು ಸಲ, ಐದು ದಿನ.

ಮೊದಲು ಡೋಸ್ ಸರಿಯಿದೆಯೇ ಹೇಳು ಅಂದೆ. ಯೋಜನೆಯ ಐದನೆಯ ದಿನದಲ್ಲಿ ಯಂಗ್ ಸೂತ್ರವಿತ್ತು, ಅದನ್ನೇ ಹಿಡಿದ. ವಯಸ್ಸನ್ನು ವಯಸ್ಸು ಕೂಡಿಸು ಹನ್ನೆರಡರಿಂದ ಭಾಗಿಸಿ ದೊಡ್ಡವರ ಡೋಸಿಗೆ ಗುಣಿಸುವುದು. ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ. ಎರಡನ್ನು ಹದಿನಾಲ್ಕರಿಂದ ಭಾಗಿಸಿ 400ಕ್ಕೆ ಗುಣಿಸಿದರೆ ಸುಮಾರು 57 ಬಂತು. "ಡಾಕ್ಟರ್ ಡಬಲ್ ಬರದಾರ್ರಿ" ಎಂದು ಗಾಬರಿಯಾದ. ಸೆಫಿಕ್ಸಿಮ್ ಅನ್ನು ಮಕ್ಕಳಿಗೆ ತೂಕದ ಮೇಲೆ ಕೊಡುತ್ತಾರೆ, ಕಿಲೋಗೆ ದಿನಕ್ಕೆ 8 ಮಿಲಿಗ್ರಾಂ. 12.5ನ್ನು 8ರಿಂದ ಗುಣಿಸಿದರೆ 100. ಚೀಟಿಯೂ ದಿನಕ್ಕೆ 10 ಮಿಲಿ, ಅಂದರೆ 100 ಮಿಲಿಗ್ರಾಂ ಎಂದೇ ಹೇಳುತ್ತದೆ. ಡಾಕ್ಟರ್ ಸರಿಯಾಗಿಯೇ ಬರೆದಿದ್ದಾರೆ. ಯಂಗ್ ಸೂತ್ರ ಪರೀಕ್ಷೆಯಲ್ಲಿ ಬರುತ್ತದೆ, ಕಲಿಯಬೇಕು. ಆದರೆ ಅದರಿಂದ ಬರುವ ಉತ್ತರ ಎಲ್ಲಿ ಸುಳ್ಳಾಗುತ್ತದೆ ಎಂಬುದನ್ನು ಅದೇ ದಿನ ಕಲಿಯದಿದ್ದರೆ ಸೂತ್ರ ಬಾಯಿಗೆ ಬರುತ್ತದೆ, ಚೀಟಿ ಓದಲು ಬರುವುದಿಲ್ಲ.

ಮುಂದೆ ಬಾಟಲಿಯ ಲೆಕ್ಕ. ಐದು ದಿನಕ್ಕೆ 50 ಮಿಲಿ ಬೇಕು, ಬಾಟಲಿ 30 ಮಿಲಿಯದು, ಎರಡು ಕೊಡಬೇಕು. ಇಲ್ಲಿ ಹುಡುಗ ತಪ್ಪಲಿಲ್ಲ. ನೀರು ಎಷ್ಟು ಹಾಕಲು ಹೇಳುತ್ತೀ ಎಂದು ಕೇಳಿದಾಗ ತಪ್ಪಿದ. "ಮೂವತ್ತು ಎಮ್ಮೆಲ್" ಎಂದ. ಇದು ಪರೀಕ್ಷೆಯಲ್ಲೂ ಮನೆಗಳಲ್ಲೂ ನಡೆಯುವ ತಪ್ಪು. 30 ಮಿಲಿ ಎಂಬುದು ಪುಡಿ ಮತ್ತು ನೀರು ಸೇರಿದ ಮೇಲಿನ ಅಳತೆ. ಪುಡಿಯೇ ಒಂದು 4 ಮಿಲಿ ಜಾಗ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 30 ಮಿಲಿ ನೀರು ಸುರಿದರೆ ಒಟ್ಟು 34 ಆಗುತ್ತದೆ. ಬಾಟಲಿಯ 300 ಮಿಲಿಗ್ರಾಂ ಔಷಧಿ 34ರಲ್ಲಿ ಹರಡಿ, 5 ಮಿಲಿಯಲ್ಲಿ 50ರ ಬದಲು 44 ಮಾತ್ರ ಉಳಿಯುತ್ತದೆ. ಆದ್ದರಿಂದಲೇ ಬಾಟಲಿಯ ಮೇಲೆ ಗೆರೆಯೋ ಬಾಣದ ಗುರುತೋ ಇರುತ್ತದೆ. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲಿಸಬೇಕು. ಕುದಿಸಿ ಆರಿಸಿದ ನೀರನ್ನು ಸ್ವಲ್ಪ ಹಾಕಿ ಚೆನ್ನಾಗಿ ಕುಲುಕಿ, ಆಮೇಲೆ ಗುರುತಿನವರೆಗೆ ತುಂಬಿ ಮತ್ತೆ ಕುಲುಕಬೇಕು. ಒಂದೇ ಸಲ ಸುರಿದರೆ ತಳದಲ್ಲಿ ಗಟ್ಟಿ ಉಂಡೆ ಕೂರುತ್ತದೆ, ಮೊದಲ ದಿನ ಮಗುವಿಗೆ ಬರೀ ಸಿಹಿನೀರು, ಕೊನೆಯ ದಿನ ಮದ್ದೆಲ್ಲ. ಎರಡನೆಯ ಬಾಟಲಿ ಪುಡಿಯಾಗಿಯೇ ಇರಲಿ, ಮೊದಲಿನದು ಮೂರು ದಿನಕ್ಕೆ ಮುಗಿದ ಮೇಲೆ ಕಲಸಲಿ. ಕಲಸಿದ ಮೇಲೆ ಎಷ್ಟು ದಿನ ಬಾಳುತ್ತದೆಂದು ಲೇಬಲ್ಲಿನ ಮೇಲೇ ಇರುತ್ತದೆ.

ಜಹೀರಾಬಾದಿನಲ್ಲಿ ಈ ಕಲಸುವ ಕ್ರಮವನ್ನು ಒಬ್ಬರಿಗೆ ಕನ್ನಡದಲ್ಲಿ, ಇನ್ನೊಬ್ಬರಿಗೆ ತೆಲುಗಿನಲ್ಲಿ, ಮೂರನೆಯವರಿಗೆ ಉರ್ದುವಿನಲ್ಲಿ ಹೇಳಬೇಕಾಗುತ್ತದೆ. 1956ಕ್ಕೆ ಮೊದಲು ಈ ಊರೂ ನಾರಾಯಣಖೇಡವೂ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. ಗಡಿ ಬದಲಾದರೂ ಚೀಟಿ ಹಿಡಿದು ಬರುವವರ ಮಾತು ಅಷ್ಟಾಗಿ ಬದಲಾಗಿಲ್ಲ. ಹುಡುಗನಿಗೆ ಇದರಿಂದ ಒಂದು ಲಾಭವಿದೆ. ಇಂಗ್ಲಿಷಿನಲ್ಲಿ ಉರುಹೊಡೆದದ್ದನ್ನು ಮನೆಮಾತಿನಲ್ಲಿ ಅವ್ವನಿಗೆ ಹೇಳಿ ನೋಡಿದರೆ, ಎಲ್ಲಿ ತಡವರಿಸುತ್ತಾನೋ ಅಲ್ಲಿ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತದೆ. ಯೋಜನೆಯಲ್ಲಿ ಇಂಥ ಒಂದು ಗಳಿಗೆಗೂ ಜಾಗವಿಲ್ಲ.

ಈಗ ಅದೇ ಬಾಟಲಿಯನ್ನು ಕಾನೂನಿನ ಕಣ್ಣಿನಿಂದ ನೋಡೋಣ. ಸೆಫಿಕ್ಸಿಮ್ ಇರುವುದು ಷೆಡ್ಯೂಲ್ ಎಚ್1ರಲ್ಲಿ. 2013ರಲ್ಲಿ ಹೊರಡಿಸಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ, 46 ಔಷಧಿಗಳಿಂದ ಶುರುವಾದ ಪಟ್ಟಿ ಅದು. ಇದನ್ನು ಮಾರಿದರೆ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕು, ಆ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. ಗೋಡೆಯ ಮೇಲೆ ಫಾರ್ಮ್ 20 ಮತ್ತು ಫಾರ್ಮ್ 21 ಎಂದು ಎರಡು ಲೈಸೆನ್ಸ್ ಯಾಕೆ ಎಂದು ಹುಡುಗರು ಕೇಳುವುದೇ ಇಲ್ಲ. ಬಾಯಿಯಿಂದ ಕೊಡುವ ಆಂಟಿಬಯಾಟಿಕ್ ಷೆಡ್ಯೂಲ್ ಸಿ(1)ಕ್ಕೆ ಸೇರಿದ್ದು, ಅದಕ್ಕೆ ಬೇಕಾದದ್ದು ಫಾರ್ಮ್ 21. ಈ ಸಿರಪ್ ಆ ಎರಡನೆಯ ಚೌಕಟ್ಟಿನ ಬಲದಿಂದ ಮಾರಾಟವಾಗುತ್ತಿದೆ. ಇನ್ನು 50ರ ಬಾಟಲಿ ಮುಗಿದು 100ರದು ಮಾತ್ರ ಉಳಿದಿದ್ದರೆ? ಅಳತೆ ಅರ್ಧ ಮಾಡಿ ಕೊಡಬಹುದಲ್ಲ ಎಂದ ಹುಡುಗ. ಲೆಕ್ಕ ಸರಿಯಿದೆ, 2.5 ಮಿಲಿ ಸಾಕು. ಆದರೆ ಬರೆದ ತಯಾರಿಕೆಯ ಬದಲು ಇನ್ನೊಂದನ್ನು ನಾವೇ ನಿರ್ಧರಿಸಿ ಕೊಡುವುದಕ್ಕೆ ಔಷಧ ನಿಯಮಗಳ 65ನೆಯ ನಿಯಮ ಅಡ್ಡ ಬರುತ್ತದೆ. ಡಾಕ್ಟರಿಗೆ ಫೋನ್ ಮಾಡಿ ಚೀಟಿ ಬದಲಿಸಿಕೊಳ್ಳಬೇಕು. ಅಳತೆ ತಿದ್ದುವುದನ್ನು ಮರೆತರೆ ಮಗುವಿಗೆ ಹೋಗುವುದು ಎರಡು ಪಟ್ಟು. ನಿಯಮ ಯಾಕಿದೆ ಎಂಬುದು ಈ ಲೆಕ್ಕದಲ್ಲೇ ಕಾಣುತ್ತದೆ. ಲಾ ಪುಸ್ತಕವನ್ನು ಒಂಟಿಯಾಗಿ ಒಂದು ರಾತ್ರಿ ಓದಿದವನಿಗೆ ಇದು ಕಾಣದು.

ಒಂಟಿಯಾಗಿ ಓದಿದರೆ ಅಂಕಿಗಳೂ ಕಲಸಿಹೋಗುತ್ತವೆ. ಎಚ್1 ರಿಜಿಸ್ಟರಿಗೆ ಮೂರು ವರ್ಷ, ಷೆಡ್ಯೂಲ್ ಎಕ್ಸ್ ಚೀಟಿಯ ಒಂದು ಪ್ರತಿಗೆ ಎರಡು ವರ್ಷ. ಹುಡುಗ ಇದನ್ನು ಅದಲುಬದಲು ಹೇಳಿದ. ಒಂದು ರಿಜಿಸ್ಟರ್, ಇನ್ನೊಂದು ಚೀಟಿ ಎಂದು ವಸ್ತುವನ್ನು ಕಣ್ಣೆದುರು ಇಟ್ಟುಕೊಂಡರೆ ಅಂಕಿ ಜಾರುವುದಿಲ್ಲ. ಅವನ ಗೈಡಿನಲ್ಲಿ ಇನ್ನೊಂದು ಹಳಸಲು ಉತ್ತರವೂ ಇತ್ತು. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಚೀಟಿಗೆ ಔಷಧಿ ಕೊಡಬಾರದೆನ್ನುವುದು 1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮು. ಶಿಕ್ಷೆ ಆರು ತಿಂಗಳು ಅಥವಾ ಒಂದು ಸಾವಿರ ರೂಪಾಯಿ ಎಂದು ಗೈಡು ಹೇಳುತ್ತಿತ್ತು. 2023ರ ಜನ್ ವಿಶ್ವಾಸ್ ಕಾಯ್ದೆ ಆ ಶಿಕ್ಷೆಯನ್ನು ಬದಲಿಸಿದೆ. ಗೈಡಿನ ಮುದ್ರಣದ ವರ್ಷ ನೋಡದೆ ದಂಡದ ಅಂಕಿ ಬಾಯಿಪಾಠ ಮಾಡುವುದು ವ್ಯರ್ಥ.

ಹಾಗಾಗಿ ಈ ಹಾಳೆಯ ಬಗ್ಗೆ ನನ್ನ ಮಾತು ಇಷ್ಟು: ಲೆಕ್ಕಕ್ಕೆ ಚೆನ್ನ, ಪರೀಕ್ಷೆಗೆ ಅರೆಬರೆ, ಅಂಗಡಿಗೆ ಸಾಲದು. ಹುಡುಗನ ಪೆನ್ನು ತೆಗೆದುಕೊಂಡು ಲಾಗೆ ಇಟ್ಟ ಎರಡು ದಿನ ಹೊಡೆದುಹಾಕಿ, ಪ್ರತಿ ದಿನದ ಕೊನೆಗೆ ಒಂದೂವರೆ ಗಂಟೆ ಬರೆದೆ. ಆ ಹೊತ್ತಿನಲ್ಲಿ ಒಂದೇ ಚೀಟಿ: ಡೋಸ್, ತಯಾರಿ, ಷೆಡ್ಯೂಲ್, ರಿಜಿಸ್ಟರು. ಹಾಗೆ ತೆರವಾದ ಎರಡು ದಿನ ಕಮ್ಯುನಿಟಿ ಫಾರ್ಮಸಿ ಪುಸ್ತಕದ ಅಂಗಡಿ ನಿರ್ವಹಣೆಯ ಪಾಠಗಳಿಗೆ. ಇದಕ್ಕೂ ಮಿತಿಯಿದೆ. ಫಾರ್ಮಕಾಗ್ನಸಿಯ ಬೇರು ತೊಗಟೆಗಳು ಚೀಟಿಯಲ್ಲಿ ಸಿಗುವುದಿಲ್ಲ, ಅವನ್ನು ಹಳೆಯ ರೀತಿಯಲ್ಲೇ ಓದಬೇಕು.

ಏಳುವ ಮೊದಲು ಪುಸ್ತಕ ಮುಚ್ಚಿಸಿ, ಆ ಸೆಫಿಕ್ಸಿಮ್ ಚೀಟಿಯನ್ನು ಎಚ್1 ರಿಜಿಸ್ಟರಿನಲ್ಲಿ ಬರೆಯುವ ಹಾಗೆ ಬಿಳಿ ಹಾಳೆಯ ಮೇಲೆ ಬರೆ ಅಂದೆ. ಔಷಧಿಯ ಹೆಸರು ಬರೆದ, 30 ಮಿಲಿಯ ಎರಡು ಬಾಟಲಿ ಎಂದು ಬರೆದ, ಡಾಕ್ಟರ ಹೆಸರು, ಮಗುವಿನ ಹೆಸರು, ಮಗುವಿನ ವಿಳಾಸ ಎಲ್ಲ ಬರೆದ. ಆ ರಿಜಿಸ್ಟರಿನ ನಿಯಮ ಕೇಳುವುದು ಡಾಕ್ಟರ ವಿಳಾಸವನ್ನು. ಅದನ್ನು ಬಿಟ್ಟಿದ್ದ.