‘ಯಾರ ಪೈಕಿ?’ ಎಂಬ ಪ್ರಶ್ನೆ ಮತ್ತು ಸಮ್ಮತಿಯ ಒಡೆತನ

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆಗೆ ಹೊಸಬನೊಬ್ಬ ಬಂದರೆ ಅವನನ್ನು ಮೊದಲು ಕೇಳುವುದು ಊರನ್ನು, ಅನಂತರ ‘ನೀವು ಯಾರ ಪೈಕಿ?’ ಎಂದು. ಉದ್ಯೋಗದ ವಿಚಾರ ಬರುವುದು ಆಮೇಲೆ. ಇಲ್ಲಿ ಅಡ್ಡಹೆಸರುಗಳೂ ಹೆಚ್ಚಾಗಿ ಊರಿನವೇ. ಕವಿ ವಿ. ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಆದರೂ ಅವರ ಹೆಸರಿನೊಡನೆ ಉಳಿದದ್ದು ಈ ಊರು. ತಾನು ಯಾರೆಂದು ಹೇಳಲು ಹೊರಟವನು ತಾನು ಆಯ್ದುಕೊಳ್ಳದ ಸಂಗತಿಗಳಿಂದಲೇ ಆರಂಭಿಸಬೇಕಾಗುತ್ತದೆ ಎಂಬುದು ನಮ್ಮ ಜನಕ್ಕೆ ಯಾರೂ ಕಲಿಸಬೇಕಾದ ಪಾಠವಲ್ಲ.

ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಮಾತ್ರ ಇದನ್ನು ವಾದಿಸಿ ತೋರಿಸಬೇಕಾಯಿತು. ಜಾನ್ ರಾಲ್ಸ್ ಅವರು 1971ರ ತಮ್ಮ ಗ್ರಂಥದಲ್ಲಿ ವ್ಯಕ್ತಿಯು ತನ್ನ ಗುರಿಗಳಿಗಿಂತ ಮೊದಲೇ ಇರುವವನು, ಗುರಿಗಳನ್ನು ಅವನು ಆಯ್ದುಕೊಳ್ಳುತ್ತಾನೆ ಎಂಬ ಚಿತ್ರವನ್ನು ಮುಂದಿಟ್ಟರು. ಮೈಕೆಲ್ ಸ್ಯಾಂಡೆಲ್ 1982ರಲ್ಲಿ ಅದನ್ನು ಪ್ರಶ್ನಿಸಿದರು. ಕುಟುಂಬ, ಸಮುದಾಯ, ನಂಬಿಕೆ ಇವು ನಾವು ತೊಟ್ಟು ಕಳಚುವ ಅಂಗಿಗಳಲ್ಲ. ನಾವು ಯಾರೆಂಬುದು ರೂಪುಗೊಳ್ಳುವುದೇ ಅವುಗಳಿಂದ ಎಂಬುದು ಅವರ ವಾದದ ತಿರುಳು. ಇವರಿಗಿಂತ ಒಂದು ವರ್ಷ ಮೊದಲು ಅಲಸ್ಡೇರ್ ಮ್ಯಾಕಿಂಟೈರ್ ಇದೇ ನಿಲುವನ್ನು ಸದ್ಗುಣಗಳ ವಿಚಾರದಲ್ಲಿ ಪ್ರತಿಪಾದಿಸಿದ್ದರು. ನಮ್ಮ ಗುರುವಿದ್ಯಾಮಂದಿರಗಳಲ್ಲಿ ಈ ವಾದಕ್ಕೆ ದೊರೆಯುವ ಸ್ವಾಗತ ಬಹಳ ಬೆಚ್ಚಗಿನದು. ಅದು ಬೇಕಾದುದಕ್ಕಿಂತ ತುಸು ಹೆಚ್ಚೇ ಬೆಚ್ಚಗಿದೆ ಎಂಬುದು ನನ್ನ ಆಕ್ಷೇಪ. ಅದನ್ನು ನಮ್ಮ ಜಿಲ್ಲೆಯ ಎರಡು ಘಟನೆಗಳ ಎದುರಿಗಿಟ್ಟು ನೋಡಬೇಕು.

ಮೊದಲನೆಯದು ಸವದತ್ತಿ ಸೀಮೆಯ ಮುರಗೋಡ ಪೊಲೀಸ್ ಠಾಣೆಯಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಪ್ರಕರಣ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಯುವತಿಯೊಬ್ಬಳು 2020ರಲ್ಲಿ ಮನೆಯವರಿಗೆ ತಿಳಿಸದೆ ಹೋಗಿ ತಾನು ಮೆಚ್ಚಿದ ಅಧ್ಯಾಪಕನನ್ನು ಮದುವೆಯಾದಳು. ಮಗಳು ಕಾಣೆಯಾಗಿದ್ದಾಳೆಂದು ತಂದೆ ದೂರು ಕೊಟ್ಟರು. ಮದುವೆಯಾಗಿದೆ ಎಂಬುದು ತಿಳಿದ ಮೇಲೂ ತನಿಖಾಧಿಕಾರಿಯು, ಆಕೆ ಠಾಣೆಗೇ ಬಂದು ಹೇಳಿಕೆ ಕೊಟ್ಟರೆ ಮಾತ್ರ ಪ್ರಕರಣ ಮುಗಿಯುವುದೆಂದು ಪಟ್ಟುಹಿಡಿದರು. ಆಕೆಗೆ ಮನೆಯವರ ಭಯ. 2021ರ ಫೆಬ್ರುವರಿ 8ರಂದು ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಅವರು ಪ್ರಕರಣವನ್ನು ರದ್ದುಪಡಿಸಿದರು. ಇಬ್ಬರು ವಯಸ್ಕರು ಮದುವೆಗೆ ಒಪ್ಪಿದ ಮೇಲೆ ಕುಟುಂಬದ, ಸಮುದಾಯದ, ಕುಲದ ಒಪ್ಪಿಗೆ ಅಗತ್ಯವಿಲ್ಲ ಎಂದರು.

ಇದನ್ನು ಓದಿದ ಸ್ಯಾಂಡೆಲ್‌ರ ಶಿಷ್ಯನು ‘ಇಗೋ, ಬೇರಿಲ್ಲದ ವ್ಯಕ್ತಿ’ ಎಂದಾನು. ಆದರೆ ತೀರ್ಪು ಅಲ್ಲಿಗೆ ನಿಲ್ಲುವುದಿಲ್ಲ. ಹೆತ್ತವರು ಈ ಮದುವೆಯನ್ನು ಒಪ್ಪಿ, ಮಗಳೊಡನೆ ಮಾತ್ರವಲ್ಲದೆ ಅಳಿಯನೊಡನೆಯೂ ಮತ್ತೆ ಬಂದು ಹೋಗುವ ಸಂಬಂಧ ಬೆಳೆಸಲಿ ಎಂಬ ಆಶಯವನ್ನು ನ್ಯಾಯಾಲಯವು ದಾಖಲಿಸುತ್ತದೆ. 1936ರ ‘ಜಾತಿ ವಿನಾಶ’ದ ಅಂಬೇಡ್ಕರರನ್ನು ನೆನೆಯುತ್ತದೆ. ಅಂತರ್ಜಾತಿ ವಿವಾಹವನ್ನು ಅಂಬೇಡ್ಕರರು ಬಯಸಿದ್ದು ಒಂಟಿ ಬಾಳಿಗಾಗಿ ಅಲ್ಲ, ಬಂಧುಭಾವವು ಜಾತಿಯ ಗೋಡೆ ದಾಟಲೆಂದು. ಆ ಯುವತಿಯೂ ಬಂಧುತ್ವವನ್ನೇ ಬೇಡವೆಂದವಳಲ್ಲ. ಅದರ ಮೇರೆಯನ್ನು ಹಿರಿಯರು ಎಳೆದಲ್ಲಿಯೇ ನಿಲ್ಲಿಸಲು ಒಪ್ಪದವಳು.

ಎರಡನೆಯದನ್ನು ಬರೆಯುವುದು ಕಷ್ಟ. 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ ಒಬ್ಬ ಯುವಕನೂ ಯುವತಿಯೂ ಊರು ಬಿಟ್ಟು ಹೋದರು. ಯುವತಿಯ ಕಡೆಯವರು ಯುವಕನ ತಾಯಿಯನ್ನು ಮನೆಯಿಂದ ಎಳೆದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ಉಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆಗೆತ್ತಿಕೊಂಡಿತು. ತಾಯಿಗೆ ಈ ಶಿಕ್ಷೆ ಏಕೆ? ಹೊಡೆದವರ ಕಣ್ಣಿನಲ್ಲಿ ತಾಯಿ ಮತ್ತು ಮಗ ಬೇರೆಬೇರೆ ವ್ಯಕ್ತಿಗಳಾಗಿರಲಿಲ್ಲ. ಸಂಬಂಧಗಳಿಂದಲೇ ವ್ಯಕ್ತಿ ರೂಪುಗೊಳ್ಳುತ್ತಾನೆ ಎಂಬ ಮಾತನ್ನು ಯಾವ ತಡೆಯೂ ಇಲ್ಲದೆ ಕೊನೆಯವರೆಗೆ ಒಯ್ದರೆ ಅದು ತಲುಪುವ ಜಾಗಗಳಲ್ಲಿ ಆ ಕಂಬವೂ ಒಂದು. ಕುತೂಹಲದ ಸಂಗತಿಯೆಂದರೆ, ಸುಮ್ಮನೆ ನಿಂತು ನೋಡಿದ ಊರಿನ ಮೇಲೆ ಸಾಮೂಹಿಕ ಹೊಣೆ ಹೊರಿಸಬೇಕೆಂದು ಉಚ್ಚ ನ್ಯಾಯಾಲಯವೇ ಹೇಳಿತು. ವಿಲಿಯಂ ಬೆಂಟಿಂಕನ ಕಾಲದ ಪುಂಡಗಂದಾಯವನ್ನು ನೆನಪಿಸಿತು. ಊರು ಎಂಬುದೊಂದು ಉಂಟು, ಅದಕ್ಕೂ ಹೊಣೆಯುಂಟು ಎಂಬುದನ್ನು ನ್ಯಾಯಾಲಯವೂ ಅಲ್ಲಗಳೆಯಲಿಲ್ಲ.

ಮ್ಯಾಕಿಂಟೈರ್‌ಗೆ ಅನ್ಯಾಯವಾಗಬಾರದು. ಸಮುದಾಯದಲ್ಲಿ ಬೇರೂರಿದವನು ಆ ಸಮುದಾಯದ ನೈತಿಕ ಮಿತಿಗಳನ್ನು ಒಪ್ಪಲೇಬೇಕಿಲ್ಲ, ಬಂಡಾಯವೂ ಸೇರಿಕೆಯ ಒಂದು ಬಗೆ ಎಂದು ಅವರು ಒಪ್ಪುತ್ತಾರೆ. ಆದರೆ ಬಂಡೆದ್ದವಳ ಕೈಯಲ್ಲಿ ಯಾವ ಅಧಿಕಾರವಿರಬೇಕು, ಅದನ್ನು ಯಾರು ಕಾಯಬೇಕು ಎಂಬುದರ ಬಗೆಗೆ ಅವರ ಪುಟಗಳಲ್ಲಿ ನನಗೆ ಸಾಕಷ್ಟು ಸಿಗಲಿಲ್ಲ. ‘ನಾನು ಯಾರು’ ಎಂಬುದಕ್ಕೆ ಉತ್ತರವನ್ನು ಬಳಗ ಕೊಡಬಹುದು. ‘ನಾನು ಒಪ್ಪಿದ್ದೇನೆ’ ಎಂಬ ಮಾತನ್ನೂ ಬಳಗವೇ ಆಡಬಹುದೇ? ಇವು ಎರಡು ಪ್ರಶ್ನೆಗಳು. ಸಮುದಾಯವಾದಿ ಬರಹಗಳಲ್ಲಿ ಅವು ಪದೇಪದೇ ಒಂದಾಗಿಬಿಡುತ್ತವೆ.

ಈ ಭೇದವನ್ನು ಧರ್ಮಸಭೆ ಉದಾರವಾದಿಗಳಿಂದ ಕಲಿಯಲಿಲ್ಲ. ಮದುವೆಯನ್ನು ಉಂಟುಮಾಡುವುದು ವಧೂವರರ ಸಮ್ಮತಿ ಎಂಬ ಬೋಧೆಯು ಹನ್ನೆರಡನೆಯ ಶತಮಾನದಲ್ಲಿಯೇ ನೆಲೆಗೊಂಡಿತು. 1563ರಲ್ಲಿ ಟ್ರೆಂಟ್ ಮಹಾಸಭೆಯ ಎದುರು ಈ ಪ್ರಶ್ನೆ ನೇರವಾಗಿ ಬಂತು. ಹೆತ್ತವರ ಒಪ್ಪಿಗೆಯಿಲ್ಲದ ಮದುವೆಗಳು ಅಸಿಂಧುವೆಂದು ಘೋಷಿಸಬೇಕೆಂದು ಫ್ರಾನ್ಸಿನ ಅರಸರ ಕಡೆಯಿಂದ ಒತ್ತಡವಿತ್ತು. ಮಹಾಸಭೆ ಒಪ್ಪಲಿಲ್ಲ. ಅಂಥ ಮದುವೆಗಳನ್ನು ಧರ್ಮಸಭೆ ಸದಾ ಹೇವರಿಸಿದೆ ಎಂದಿತು. ಹಾಗಿದ್ದೂ ಅವನ್ನು ಸುಳ್ಳು ಮದುವೆಗಳೆನ್ನುವವರನ್ನು ಖಂಡಿಸಿತು. ಗುಟ್ಟಿನ ಮದುವೆಗೆ ಅದು ಕೊಟ್ಟ ಪರಿಹಾರ ಧರ್ಮಕೇಂದ್ರದ ಗುರು ಮತ್ತು ಸಾಕ್ಷಿಗಳ ಸಮಕ್ಷಮದ ವಿಧಿ. ಹೀಗೆ ಸಮುದಾಯಕ್ಕೆ ಸಾಕ್ಷಿಯ ಸ್ಥಾನ ದೊರೆಯಿತು, ಒಪ್ಪಿಗೆಯ ಒಡೆತನ ದೊರೆಯಲಿಲ್ಲ. ಇಂದಿನ ಧರ್ಮಶಾಸನ ಸಂಹಿತೆಯ 1057ನೆಯ ವಿಧಿಯೂ ಈ ಸಮ್ಮತಿಯನ್ನು ಯಾವ ಮಾನವಶಕ್ತಿಯೂ ತುಂಬಿಕೊಡಲಾರದು ಎನ್ನುತ್ತದೆ. ಅದೇ ವಿಧಿಯ ಎರಡನೆಯ ಭಾಗದಲ್ಲಿ ಆ ಸಮ್ಮತಿಯ ಅರ್ಥವಿದೆ: ಇಬ್ಬರೂ ಪರಸ್ಪರ ತಮ್ಮನ್ನೇ ಕೊಟ್ಟುಕೊಂಡು ಸ್ವೀಕರಿಸುವುದು. ಕೊಡುವವನು ಬಳಗದಿಂದ ರೂಪುಗೊಂಡವನೇ. ಆದರೆ ಅವನನ್ನು ಇನ್ನೊಬ್ಬರು ಕೊಡಲಾಗದು.

ನಮ್ಮಲ್ಲಿ ಇದು ಎಲ್ಲಿ ಎಡವುತ್ತದೆ? ಹಿರಿಯರು ಕುಳಿತು ‘ಯಾದಿ’ ಬರೆದು ಸಹಿ ಹಾಕಿದ ಮೇಲೆ ಹುಡುಗಿ ಬೇಡವೆಂದರೆ ಎರಡು ಮನೆಗಳ ಮರ್ಯಾದೆಯ ಮಾತಾಗುತ್ತದೆ. ಸೋದರಮಾವನಿಗೇ ಕೊಡಬೇಕೆಂದು ತೊಟ್ಟಿಲಲ್ಲಿದ್ದಾಗಲೇ ಆಡಿದ ಮಾತಿದ್ದರೆ ಇನ್ನೂ ಕಷ್ಟ. ಕ್ರೈಸ್ತ ಮನೆಯಲ್ಲಾದರೆ ಆ ಸಂಬಂಧಕ್ಕೆ ಧರ್ಮಸಭೆಯ ವಿನಾಯಿತಿಯೂ ಬೇಕು, ಅದನ್ನು ಬೇಡಿ ಬರುವವರು ಸಾಮಾನ್ಯವಾಗಿ ಹಿರಿಯರೇ. ಇಂಥಲ್ಲಿ ಯಾರೂ ಕೋಲೆತ್ತುವುದಿಲ್ಲ. ತಾಯಿ ಊಟ ಬಿಡುತ್ತಾಳೆ, ಅಜ್ಜ ಮಾತು ಬಿಡುತ್ತಾನೆ. ಹಿರಿಯರ ಮನಸ್ಸು ನೋಯಿಸಬಾರದೆಂಬ ಅಳುಕಷ್ಟೇ ಇದ್ದರೆ ಸಮ್ಮತಿ ಕೆಡುವುದಿಲ್ಲ ಎಂಬುದು ಧರ್ಮಸಭೆಯ ನ್ಯಾಯಪೀಠಗಳ ರೂಢಿ. ಅದಕ್ಕೆ ಬಿಡದ ಪೀಡನೆ, ಮನೆಯಿಂದ ಹೊರಹಾಕುವ ಮಾತು, ಸಾಯುವೆನೆಂಬ ಬೆದರಿಕೆ ಕೂಡಿಕೊಂಡರೆ ಅದು 1103ನೆಯ ವಿಧಿಯ ಗಂಭೀರ ಭಯವಾಗುತ್ತದೆ. ಭಯ ಹುಟ್ಟಿಸುವ ಉದ್ದೇಶ ತಾಯಿಗೆ ಇರಬೇಕೆಂದೂ ಇಲ್ಲ. ನ್ಯಾಯಾಧೀಶರು ಹುಡುಕುವ ಮುಖ್ಯ ಕುರುಹು ಒತ್ತಾಯಕ್ಕೆ ಮುನ್ನವೇ ಆ ಮದುವೆಯ ಬಗೆಗೆ ಇದ್ದ ಮನಸ್ಸಿಲ್ಲದಿರುವಿಕೆ: ಹುಡುಗಿ ಯಾರ ಬಳಿಯಾದರೂ ಅತ್ತಿದ್ದಳೇ, ದಿನವನ್ನು ಮುಂದೂಡಲು ಯತ್ನಿಸಿದ್ದಳೇ, ಮದುವೆಯ ಮಾತು ಬಂದಾಗಲೆಲ್ಲ ಎದ್ದುಹೋಗುತ್ತಿದ್ದಳೇ.

ಇವು ನ್ಯಾಯಪೀಠದವರೆಗೆ ಹೋಗುವ ಮುನ್ನ ನಮ್ಮ ವಿಚಾರಣಾ ಪತ್ರದಲ್ಲಿಯೇ ಕಾಣಬೇಕಾದವು. ಮದುವೆಗೆ ಮುಂಚಿನ ವಿಚಾರಣೆಯನ್ನು ವಧುವಿನೊಡನೆ ಒಂಟಿಯಾಗಿ ನಡೆಸಬೇಕೆಂಬುದು ಎಲ್ಲ ಗುರುಗಳಿಗೂ ಗೊತ್ತು. ಆದರೂ ಸೋದರಮಾವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾನೆ, ‘ಆಕೀ ಏನ್ ಹೇಳ್ತಾಳ್ರಿ ಫಾದರ್, ನಾವ ಹೇಳ್ತೀವಿ’ ಎನ್ನುತ್ತಾನೆ, ನಾವು ನಕ್ಕು ಬರೆದುಕೊಳ್ಳುತ್ತೇವೆ. ನಾನೂ ಬರೆದುಕೊಂಡಿದ್ದೇನೆ.