ಹಳೆಯ ಕೋಡು, ಹೊಸ ಬಿಡಿಭಾಗ: ರೀಡರ್ ಮತ್ತು ಪಿಎಲ್‌ಸಿ ಜೋಡಣೆಯ ವಿಮರ್ಶೆ

ಬಾರ್‌ಕೋಡ್ ರೀಡರನ್ನು ಪಿಎಲ್‌ಸಿಗೆ ಜೋಡಿಸುವ ಅತಿ ಸರಳ ಕ್ರಮದಲ್ಲಿ, ಓದಿದ ಅಕ್ಷರಗಳು ಸೀರಿಯಲ್ ಕೇಬಲ್ ಮೂಲಕ ಬಂದು ಪಿಎಲ್‌ಸಿಯ ಬಫರಿನಲ್ಲಿ ಕೂರುತ್ತವೆ. ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಾಣುವ ಈ ಕ್ರಮದಲ್ಲಿ ಒಂದು ಗಂಭೀರ ದೋಷವಿದೆ: ಓದಲು ಆಗದಿದ್ದಾಗ ರೀಡರ್ ಏನನ್ನೂ ಕಳಿಸುವುದಿಲ್ಲ, ಬಫರಿನಲ್ಲಿ ಹಿಂದಿನ ಕೋಡೇ ಉಳಿಯುತ್ತದೆ.

ವಾಹನ ಕಾರ್ಖಾನೆಗೆ ಭಾಗ ಒದಗಿಸುವ ಘಟಕವೊಂದರಲ್ಲಿ ಬೋಲ್ಟ್ ಬಿಗಿಸುವ ಒಂದು ಸ್ಟೇಷನ್ ಇದೆ ಎಂದಿಟ್ಟುಕೊಳ್ಳಬಹುದು. 0141ನೇ ಭಾಗ ಬಂತು, ಕೋಡು ಓದಿತು, ಬಿಗಿತ ಸಾಲದೆ ಅದು ತಿರಸ್ಕೃತವೆಂದು ದಾಖಲಾಯಿತು. ಮುಂದಿನ 0142ರ ಲೇಬಲ್ ಮೇಲೆ ಎಣ್ಣೆ ಮೆತ್ತಿದೆ, ರೀಡರ್ ಮೌನ. ಆದರೆ ಬಿಗಿತ ಸರಿಯಾಗಿದೆ. ಪಿಎಲ್‌ಸಿ ಆ ಫಲಿತಾಂಶವನ್ನು 0141ರ ಹೆಸರಿಗೇ ಬರೆಯುತ್ತದೆ. ಹೀಗೆ 0142ಕ್ಕೆ ದಾಖಲೆಯೇ ಇಲ್ಲ, ಕೆಟ್ಟ ಭಾಗಕ್ಕೆ ಒಳ್ಳೆಯದೆಂಬ ಮುದ್ರೆ. ಫೋಟೊ ಸೆನ್ಸರ್ ಎಣಿಸಿದ ಭಾಗಗಳಿಗಿಂತ ದಾಖಲೆಗಳು ಕಡಿಮೆಯಾದಾಗಲೇ ಇದು ಬೆಳಕಿಗೆ ಬರುವುದು. ಬರೀ ಎಣಿಕೆಗೆ ಈ ಜೋಡಣೆ ಸಾಕಾಗಬಹುದು. ಗುಣಮಟ್ಟದ ದಾಖಲೆಗೆ ಇದನ್ನು ಒಪ್ಪಲಾಗದು.

ಪರಿಹಾರಕ್ಕೆ ದುಬಾರಿ ಸಾಧನ ಬೇಕಿಲ್ಲ. ಸೆನ್ಸರ್ ಭಾಗವನ್ನು ಕಂಡೊಡನೆ ಪಿಎಲ್‌ಸಿ ಮೊದಲು ಬಫರನ್ನು ಖಾಲಿ ಮಾಡಬೇಕು, ಆಮೇಲೆ ರೀಡರಿಗೆ ಟ್ರಿಗರ್ ಕೊಡಬೇಕು. ಓದಲಾಗದಿದ್ದರೆ `NOREAD` ಎಂದು ಕಳಿಸುವಂತೆ ರೀಡರನ್ನು ಹೊಂದಿಸಬೇಕು. ನಿಗದಿತ ಸಮಯದಲ್ಲಿ ಯಾವ ಉತ್ತರವೂ ಬರದಿದ್ದರೆ ಭಾಗವನ್ನು ಅಲ್ಲೇ ನಿಲ್ಲಿಸಬೇಕು. ದುರಸ್ತಿಗೆ ಬಂದವರಿಗೂ ಇದರಿಂದ ಅನುಕೂಲ: `NOREAD` ಬಂದರೆ ಲೇಬಲ್, ಬೆಳಕು ಅಥವಾ ಲೆನ್ಸ್ ನೋಡಬೇಕು, ಪೂರ್ಣ ಮೌನವಿದ್ದರೆ ಕೇಬಲ್, ವಿದ್ಯುತ್ ಇಲ್ಲವೆ ಟ್ರಿಗರ್ ನೋಡಬೇಕು.

ಈಥರ್ನೆಟ್‌ಗೆ ಬದಲಾದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅರ್ಧಸತ್ಯ. ವೇಗ ಇಲ್ಲಿ ಮುಖ್ಯವೇ ಅಲ್ಲ: 9600 ಬಾಡ್‌ನಲ್ಲೂ 22 ಅಕ್ಷರಗಳು ಸುಮಾರು 23 ಮಿಲಿಸೆಕೆಂಡಿನಲ್ಲಿ ತಲುಪುತ್ತವೆ. ಬರೀ ಟಿಸಿಪಿ ಬಳಸಿದರೆ ಎರಡು ಕೋಡುಗಳು ಒಟ್ಟಿಗೆ ಅಂಟಿಕೊಂಡು ಬರಬಹುದು, ಒಂದೇ ಕೋಡು ಎರಡು ತುಂಡಾಗಲೂಬಹುದು. ಕೊನೆಯ ಗುರುತಿನ ಅಕ್ಷರ ಸಿಗುವವರೆಗೆ ಕೂಡಿಸಿಕೊಳ್ಳುವ ಕೆಲಸ ಪ್ರೋಗ್ರಾಮಿನದು. ಪ್ರೊಫಿನೆಟ್, ಈಥರ್‌ನೆಟ್/ಐಪಿಗಳಲ್ಲಿ ಸಂಪರ್ಕ ಕಡಿದದ್ದು ಬೇಗ ತಿಳಿಯುತ್ತದೆ. ಅದು ನಿಜವಾದ ಲಾಭ. ಆದರೆ ಅಲ್ಲೂ ಕೊನೆಯ ಫಲಿತಾಂಶವೇ ಮತ್ತೆ ಮತ್ತೆ ಬರುತ್ತಿರುತ್ತದೆ. ಓದಿದಾಗಲೆಲ್ಲ ಒಂದು ಹೆಚ್ಚುವ ಎಣಿಕೆಯನ್ನು ರೀಡರ್ ಕೊಡುತ್ತಿದ್ದರೆ ಅದನ್ನು ಗಮನಿಸಬೇಕು. ಇಲ್ಲವಾದರೆ ಹಳೆಯ ದೋಷ ಹೊಸ ಕೇಬಲಿನಲ್ಲೂ ಮುಂದುವರಿಯುತ್ತದೆ.

ಎಣ್ಣೆ, ಬಣ್ಣ ಮೆತ್ತುವ ಕಡೆ ಆರ್‌ಎಫ್‌ಐಡಿ ಟ್ಯಾಗ್ ಮೇಲು. ಫಲಿತಾಂಶವನ್ನು ಟ್ಯಾಗಿನಲ್ಲೇ ಬರೆಯಲೂಬಹುದು. ಇಲ್ಲಿಯ ತೊಂದರೆ ಬೇರೆ ಬಗೆಯದು: ಆಂಟೆನಾದ ವ್ಯಾಪ್ತಿಗೆ ಪಕ್ಕದ ಭಾಗದ ಟ್ಯಾಗ್ ಕೂಡ ಸಿಕ್ಕಿಬಿಡುತ್ತದೆ, ಹತ್ತಿರದ ಲೋಹ ವ್ಯಾಪ್ತಿಯನ್ನೇ ಬದಲಿಸುತ್ತದೆ. ಆದ್ದರಿಂದ ಬರೆಯುವ ಮುಂಚೆ ಟ್ಯಾಗಿನ ಸ್ವಂತ ಗುರುತಿನ ಸಂಖ್ಯೆಯನ್ನು ಓದಿಕೊಂಡು, ಬರೆದ ಮೇಲೆ ಅದೇ ಸಂಖ್ಯೆಯ ಟ್ಯಾಗಿನಿಂದ ಮಾಹಿತಿಯನ್ನು ಮರಳಿ ಓದಿ ಹೋಲಿಸಿದ ನಂತರವೇ ಪಿಎಲ್‌ಸಿ ಭಾಗವನ್ನು ಮುಂದೆ ಬಿಡಬೇಕು.